ಗೋಡೆಗೋ, ನೆಲಕ್ಕೋ?

ನಮ್ಮ ಫ್ಲ್ಯಾಟಿನ ಬಚ್ಚಲು ತೀರಾ ಚಿಕ್ಕದು. ಗೋಡೆಗೆ ತೂಗುಹಾಕುವ ಕಮೋಡ್ ಆದರೆ ಅಡಿಯಲ್ಲೂ ತೊಳೆಯಬಹುದು ಅಂತ ನನಗಾಸೆ. ಪ್ಲಂಬರ್ ಗೋಡೆ ತಟ್ಟಿ, "ನಾಲ್ಕಿಂಚಿನ ಟೊಳ್ಳು ಬ್ಲಾಕು ಅಮ್ಮಾ, ಕೂತವರ ಭಾರಕ್ಕೆ ಬೋಲ್ಟೇ ಕಿತ್ತುಬರುತ್ತೆ" ಅಂದ. ನೆಲದ ಕಾಂಕ್ರೀಟಿಗೆ ಉಕ್ಕಿನ ಫ್ರೇಮ್ ಬಿಗಿದರೆ ಭಾರ ನೆಲಕ್ಕಿಳಿಯುತ್ತದೆ. ಆದರೆ ಅದನ್ನೂ ಒಳಗಿನ ನೀರಿನ ಟ್ಯಾಂಕನ್ನೂ ಮುಚ್ಚಲು ಆರೇಳು ಇಂಚು ಮುಂದಕ್ಕೆ ಕಟ್ಟಬೇಕು. ಅಳೆದು ನೋಡಿದೆ, ಜಾಗವೇನೂ ಉಳಿಯದು! ಮೇಲಾಗಿ ನಮ್ಮ ಹಳೇ ಪೈಪು ನೆಲದಲ್ಲಿತ್ತು. ನೆಲದ ಕಮೋಡನ್ನೇ ಕೂರಿಸಿದೆವು.

ನೀವು ಗೋಡೆಯದೇ ಹಾಕಿಸುವುದಾದರೆ ಒಂದು ಮಾತು. ಟ್ಯಾಂಕ್ ಸೋರಿದರೆ ರಿಪೇರಿಗೆ ಕೈ ಹೋಗುವುದು ಫ್ಲಶ್ ಪ್ಲೇಟಿನ ಕಿಂಡಿಯಿಂದ ಮಾತ್ರ. ಟೈಲ್ಸಿನವನು ಅದನ್ನು ಕಿರಿದು ಮಾಡದಂತೆ ಎದುರು ನಿಂತು ನೋಡಿಕೊಳ್ಳಿ. ಇಲ್ಲವಾದರೆ ಒಂದು ವಾಷರ್‌ಗಾಗಿ ಗೋಡೆ ಒಡೆಸಬೇಕಾದೀತು!