ಮೆನುವಿನ ಬೆಲೆ ಮತ್ತು ಕೊಡುವ ಬೆಲೆ

ಮುಂಬಯಿಯಲ್ಲಿ ಮೂವತ್ತು ವರ್ಷ ಕಳೆದವರಿಗೆ ಟಿಪ್ಸು ಹೊಸದೇನಲ್ಲ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಇಡ್ಲಿ-ಕಾಫಿ ಮುಗಿಸಿ, ಸೋಂಪಿನ ತಟ್ಟೆಯಲ್ಲಿ ಬಂದ ಚಿಲ್ಲರೆಯಲ್ಲಿ ಐದೋ ಹತ್ತೋ ಬಿಟ್ಟು ಏಳುತ್ತೇವೆ. ಬಿಡದಿದ್ದರೂ ಮಾಣಿ ಏನೂ ಅನ್ನುವುದಿಲ್ಲ, ನಾಳೆ ಅದೇ ಕಾಫಿ ತಂದುಕೊಡುತ್ತಾನೆ. ಊರಿನಿಂದ ಬಂದು ಇಲ್ಲೇ ಮಾಣಿಯಾಗಿದ್ದ ನಮ್ಮ ಚಿಕ್ಕಪ್ಪ ಹೇಳುತ್ತಿದ್ದರು: "ಸಂಬಳ ಊರಿಗೆ, ಟಿಪ್ಸು ಸಿನೆಮಾಕ್ಕೆ."

ಅಮೆರಿಕದಲ್ಲಿ ಈ ಲೆಕ್ಕವೇ ತಿರುಗಾಮುರುಗಾ. ಅಲ್ಲಿ ಟಿಪ್ಸೇ ಮನೆ ಬಾಡಿಗೆಗೆ. ಟಿಪ್ಸು ಸಿಗುವ ಕೆಲಸಗಾರನಿಗೆ ಮಾಲೀಕ ಕೊಡಲೇಬೇಕಾದ ಕನಿಷ್ಠ ನಗದು ಕೂಲಿ, ಕೇಂದ್ರದ ಕಾನೂನಿನ ಪ್ರಕಾರ, ಗಂಟೆಗೆ 2.13 ಡಾಲರ್. 1991ರಿಂದ ಅದು ಅಲ್ಲಾಡಿಲ್ಲ. ಸಾಮಾನ್ಯ ಕನಿಷ್ಠ ಕೂಲಿ 7.25 ಡಾಲರಿಗೆ ಬೀಳುವ ಕೊರತೆಯನ್ನು ಗಿರಾಕಿಯ ಟಿಪ್ಸು ತುಂಬಬೇಕು, ತುಂಬದಿದ್ದರೆ ಮಾಲೀಕ ತುಂಬಬೇಕು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಪೂರ್ತಿ ಕೂಲಿಯೇ ಕೊಡಬೇಕೆಂಬ ನಿಯಮವಿದೆ. ಆದರೂ ಕೊಡುವ ರೂಢಿ ದೇಶಕ್ಕೆಲ್ಲ ಒಂದೇ.

ನಾವಿಬ್ಬರೂ ನ್ಯೂಯಾರ್ಕಿಗೆ ಐದು ದಿನಕ್ಕೆ ಹೊರಟಾಗ ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ ಫೋನಿನಲ್ಲಿ ಹೇಳಿದ: "ಮಾವ, ಮೆನು ನೋಡಿ ಬಜೆಟ್ ಹಾಕಬೇಡಿ. ಅಲ್ಲಿ ಬರೆದದ್ದು ಅರ್ಧ ಸತ್ಯ." ನಾನು ಕಾಗದ ಪೆನ್ನು ಹಿಡಿದು ಕೂತೆ.

ಇಬ್ಬರ ಊಟ ಮೆನುವಿನಲ್ಲಿ 50 ಡಾಲರ್ ಎಂದುಕೊಳ್ಳಿ. ನಗರದ ಮಾರಾಟ ತೆರಿಗೆ ಶೇಕಡಾ 8.875, ಅಂದರೆ 4.44. ಇದು ಮೆನುವಿನಲ್ಲಿ ಸೇರಿರುವುದಿಲ್ಲ. ಟೇಬಲ್ಲಿಗೆ ಬಂದು ಬಡಿಸಿದ ಊಟಕ್ಕೆ ಟಿಪ್ಸು ಶೇಕಡಾ 15ರಿಂದ 20. ಹದಿನೆಂಟು ಹಿಡಿದರೆ 9 ಡಾಲರ್. ಒಟ್ಟು 63.44. ಐವತ್ತೆಂದು ಕೂತವರು ಅರವತ್ತಮೂರು ಕೊಟ್ಟು ಏಳಬೇಕು. ತಲೆಲೆಕ್ಕಕ್ಕೆ ಒಂದು ಉಪಾಯವಿದೆ: ಬಿಲ್ಲಿನಲ್ಲಿರುವ ತೆರಿಗೆಯನ್ನು ದುಪ್ಪಟ್ಟು ಮಾಡಿ, ಹೆಚ್ಚುಕಡಿಮೆ ಹದಿನೆಂಟು ಪರ್ಸೆಂಟ್ ಆಯಿತು. ಇದು ನ್ಯೂಯಾರ್ಕಿಗೆ ಮಾತ್ರ, ಬೇರೆ ಊರಿನಲ್ಲಿ ತೆರಿಗೆಯ ದರವೇ ಬೇರೆ.

ಬರೆಯುವ ಮುಂಚೆ ಬಿಲ್ಲನ್ನು ಮೇಲಿನಿಂದ ಕೆಳಗಿನವರೆಗೆ ಓದಬೇಕು. ಆರೇಳು ಜನ ಒಟ್ಟಿಗೆ ಹೋದರೆ ಎಷ್ಟೋ ಕಡೆ 'ಗ್ರಾಚ್ಯುಯಿಟಿ' ಅಂತ ಹದಿನೆಂಟು ಪರ್ಸೆಂಟನ್ನು ಅವರೇ ಸೇರಿಸಿರುತ್ತಾರೆ. (ನಮ್ಮ ನಿವೃತ್ತಿಯ ಗ್ರಾಚ್ಯುಯಿಟಿಯಲ್ಲ, ಟಿಪ್ಸಿಗೇ ಆ ಹೆಸರು!) ಹಾಗಿದ್ದರೂ ಕೆಳಗೆ ಟಿಪ್ ಎಂಬ ಖಾಲಿ ಗೆರೆ ಇದ್ದೇ ಇರುತ್ತದೆ. ಅಲ್ಲಿ ಇನ್ನೊಮ್ಮೆ ಬರೆಯಬೇಕಿಲ್ಲ.

ಕಾರ್ಡಿನ ಕ್ರಮವೂ ನಮಗೆ ವಿಚಿತ್ರ. ಮಾಣಿ ಕಾರ್ಡು ಒಯ್ದು ಮೊದಲು 54.44ಕ್ಕೆ ಉಜ್ಜಿ ಚೀಟಿ ತರುತ್ತಾನೆ. ನಾವು ಅದರ ಮೇಲೆ ಟಿಪ್ಸು, ಒಟ್ಟು ಮೊತ್ತ ಬರೆದು ಸಹಿ ಹಾಕಿ ಎದ್ದುಬರಬೇಕು, ಆಮೇಲೆ ಅವರು ಮೊತ್ತ ತಿದ್ದುತ್ತಾರೆ. ಹಾಗಾಗಿ ಬ್ಯಾಂಕಿನ ಮೆಸೇಜಿನಲ್ಲಿ ಒಂದು ಅಂಕಿ, ಸ್ಟೇಟ್‌ಮೆಂಟಿನಲ್ಲಿ ಇನ್ನೊಂದು. "ರೀ, ಒಂಬತ್ತು ಡಾಲರ್ ಜಾಸ್ತಿ ಕತ್ತರಿಸಿದಾರೆ" ಅಂತ ನನ್ನವಳು ಗಾಬರಿಯಾದಳು. ನಾವೇ ಬರೆದ ಒಂಬತ್ತು ಅದು. ನಮ್ಮ ಪ್ರತಿಯನ್ನು ಇಟ್ಟುಕೊಂಡಿದ್ದರಿಂದ ಹೊಂದಿಸಿ ನೋಡಲಿಕ್ಕಾಯಿತು.

ಕೌಂಟರಿನಲ್ಲಿ ನಿಂತು ನಾವೇ ಕಾಫಿ ಎತ್ತಿಕೊಂಡರೂ ಪರದೆ ತಿರುಗಿಸಿ ಟಿಪ್ಸು ಕೇಳುತ್ತಾರೆ. ಅಲ್ಲಿ ಬೇಡವೆಂದು ಒತ್ತಿದರೆ ಅಗೌರವವೇನಿಲ್ಲ. ಟ್ಯಾಕ್ಸಿಯ ಪರದೆ ಇಪ್ಪತ್ತರಿಂದಲೇ ಶುರುವಾಗುತ್ತದೆ, ಮೂವತ್ತರವರೆಗೂ ತೋರಿಸುತ್ತದೆ. ನಮಗೆ ಬೇಕಾದ ಅಂಕಿಯನ್ನು ನಾವೇ ಒತ್ತಲಿಕ್ಕೂ ಬರುತ್ತದೆ. ವಿಮಾನ ನಿಲ್ದಾಣದ ಬಾಡಿಗೆ, ಟೋಲ್ ಎಲ್ಲ ಸೇರಿ 85 ಆಸುಪಾಸು ಆದರೆ 15 ಕೊಡುವುದು ಮರ್ಯಾದೆ.

ಹೋಟೆಲ್ ರೂಮಿನದು ಕಣ್ಣಿಗೆ ಕಾಣದ ಕೆಲಸ. ಕೋಣೆ ಗುಡಿಸಿ ಹಾಸಿಗೆ ಸರಿಮಾಡುವ ಹೆಂಗಸಿಗೆ ರಾತ್ರಿಗೆ ಮೂರು ಡಾಲರಿನಂತೆ ಎತ್ತಿಟ್ಟೆವು. ಕೊನೆಯ ದಿನ ಒಟ್ಟಿಗೆ ಇಟ್ಟರೆ ಅಂದು ಪಾಳಿಯಲ್ಲಿದ್ದವಳಿಗೇ ಎಲ್ಲ ಹೋಗುತ್ತದೆ, ನಾಲ್ಕು ದಿನ ದುಡಿದವಳಿಗೆ ಇಲ್ಲ. ಅದಕ್ಕೇ ದಿನದಿನವೂ, ದಿಂಬಿನ ಮೇಲೆ, 'ಥ್ಯಾಂಕ್ಸ್' ಚೀಟಿಯ ಜೊತೆ. ಚೀಟಿ ಇಲ್ಲದಿದ್ದರೆ ಮರೆತುಹೋದ ದುಡ್ಡೆಂದು ಅವರು ಮುಟ್ಟದೆ ಹೋಗಬಹುದು. ಸಾಮಾನು ಹೊತ್ತವನಿಗೆ ಚೀಲಕ್ಕೆ ಎರಡು. ಬಿಲ್ಲಿನಲ್ಲಿ ಬರುವ 'ಡೆಸ್ಟಿನೇಷನ್ ಫೀ' ಹೋಟೆಲಿನ ಆದಾಯ, ಇವರಿಗೆ ಸೇರುವ ಟಿಪ್ಸಲ್ಲ.

ನಮ್ಮ ಲೆಕ್ಕ ಹೀಗಾಯಿತು: ದಿನಕ್ಕೊಂದು ಟೇಬಲ್ ಊಟದಂತೆ 45, ಎರಡು ಟ್ಯಾಕ್ಸಿಗೆ 30, ಕೋಣೆಗೆ 15, ಎರಡು ಚೀಲ ಒಳಗೆ ಹೊರಗೆ ಸೇರಿ 8. ಒಟ್ಟು 98 ಡಾಲರ್, ಆಗಿನ ದರದಲ್ಲಿ ನಮ್ಮ ಎಂಟೂವರೆ ಸಾವಿರ ರೂಪಾಯಿಗೆ ಹೆಚ್ಚುಕಡಿಮೆ. ಇದರಲ್ಲಿ ನಗದು ಬೇಕಾದದ್ದು 23 ಮಾತ್ರ, ಆದರೆ ಎಲ್ಲವೂ ಒಂದು ಡಾಲರಿನ ನೋಟಿನಲ್ಲಿ. ಮುಂಬಯಿಯ ಫಾರೆಕ್ಸ್ ಅಂಗಡಿಯವನು ನೂರರ ನೋಟುಗಳನ್ನೇ ಮುಂದಿಟ್ಟ. ಕಾಡಿಬೇಡಿ ಮೂವತ್ತು ಒಂಟಿ ನೋಟು ಪಡೆದು, ರಬ್ಬರ್ ಬ್ಯಾಂಡ್ ಹಾಕಿ, ನನ್ನವಳ ವ್ಯಾನಿಟಿ ಬ್ಯಾಗಿಗೆ ಸೇರಿಸಿದೆವು.