12.9 ನೋಡಿ ಮೋಸ ಹೋದ ರಾತ್ರಿ

ಕಳೆದ ಆಗಸ್ಟಿನಲ್ಲಿ ನಲವತ್ತು ದಿನದ ರಜೆ ಮುಗಿಸಿ ನಾವು ಶಾರ್ಜಾಕ್ಕೆ ವಾಪಸ್ ಬಂದಾಗ, ಬಿಲ್ಡಿಂಗ್ ಹಿಂದಿನ ಮರಳು ಪಾರ್ಕಿಂಗಿನಲ್ಲಿ ಕಾರು ಧೂಳು ಹೊದ್ದು ನಿಂತಿತ್ತು. ರೂಮಿನ ನಾಲ್ಕೂ ಜನ ದುಡ್ಡು ಹಾಕಿ ತಗೊಂಡ ಹಳೇ ಕಾರು ಅದು. ಲೈಸೆನ್ಸ್ ಇರುವುದು ಮಾತ್ರ ನಮ್ಮೊಬ್ಬರಿಗೇ, ಹಾಗಾಗಿ ನಾವು ಊರಲ್ಲಿದ್ದಷ್ಟು ದಿನ ಅದನ್ನು ಯಾರೂ ಮುಟ್ಟಿರಲಿಲ್ಲ. ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪ ಕೂಡ ಸರಿಯಾಗಿ ಹತ್ತಲಿಲ್ಲ.

ಅವತ್ತೇ ರಾತ್ರಿ ಮೂರು ಗಂಟೆಗೆ ರೂಮಿನ ಉಡುಪಿ ಹುಡುಗನನ್ನು ದುಬೈ ಏರ್‌ಪೋರ್ಟಿಗೆ ಬಿಡಬೇಕಿತ್ತು. ಅವನ ತಂದೆಗೆ ಮರುದಿನ ಆಪರೇಷನ್. ಸಂಜೆ ಆರಕ್ಕೆ ಪಕ್ಕದ ಅಂಗಡಿಯವನ ಪಿಕಪ್ಪಿನಿಂದ ಜಂಪ್ ಸ್ಟಾರ್ಟ್ ಕೊಡಿಸಿ, ಇಪ್ಪತ್ತೈದು ನಿಮಿಷ ಸುಮ್ಮನೆ ಊರು ಸುತ್ತಿ ಬಂದೆವು. ಇಂಜಿನ್ ಆಫ್ ಮಾಡಿದ ಕೂಡಲೇ ಮಲ್ಟಿಮೀಟರ್ ಹಿಡಿದರೆ 12.9 ವೋಲ್ಟ್! ಬ್ಯಾಟರಿ ಫುಲ್ ಆದರೆ 12.6, 12.7 ಇರುತ್ತೆ ಅಂತ ನಮಗೆ ಗೊತ್ತಿತ್ತು. ಇದು ಅದಕ್ಕಿಂತಲೂ ಜಾಸ್ತಿ ಇದೆಯಲ್ಲ, ಇನ್ನೇನು ಬೇಕು ಅಂತ ನೆಮ್ಮದಿಯಿಂದ ಮಲಗಿದೆವು.

ರಾತ್ರಿ ಮೂರಕ್ಕೆ ಡಿಕ್ಕಿಯಲ್ಲಿ ಸೂಟ್‌ಕೇಸ್ ಇಟ್ಟು ಕೀ ತಿರುಗಿಸಿದೆವು. ಟಕ್ ಟಕ್ ಟಕ್, ಅಷ್ಟೇ. ಆ ಹುಡುಗ ಒಂದು ಮಾತೂ ಆಡಲಿಲ್ಲ, ಗಡಿಯಾರ ಮಾತ್ರ ನೋಡಿದ. ರಸ್ತೆಗೆ ಓಡಿ ಟ್ಯಾಕ್ಸಿ ಹಿಡಿದು, ಕೌಂಟರ್ ಮುಚ್ಚುವ ಸ್ವಲ್ಪ ಮುಂಚೆ ಅವನನ್ನು ಒಳಗೆ ಕಳಿಸಿದೆವು. ವಾಪಸ್ ಬಂದು ಸಿಟ್ಟಿನಲ್ಲೇ ಮೀಟರ್ ಹಿಡಿದರೆ 12.0 ತೋರಿಸಿತು.

ಒಂಬತ್ತು ಗಂಟೆಯಲ್ಲಿ ಕರೆಂಟ್ ಯಾರು ಕದ್ದರು? ಬಿ.ಕಾಂ. ಓದಿ ಇಪ್ಪತ್ತು ವರ್ಷ ಲೆಕ್ಕ ಬರೆದವರಿಗೆ ಮೊದಲು ಬರುವ ಅನುಮಾನ ಅದೇ ತಾನೆ. ಕೆಳಗಿನ ಫ್ಲೋರಿನ ದಾವಣಗೆರೆ ಅಣ್ಣ ಎ.ಸಿ. ಮೇಂಟೆನೆನ್ಸಿನವರು. ಶುಕ್ರವಾರ ಬಂದು ನೋಡಿ ನಕ್ಕರು. "ಯಾರೂ ಕದ್ದಿಲ್ಲ ಸಾಹೇಬ್ರೇ. ಸಂಜೆ ನೀವು ನೋಡಿದ್ದು ಇಲ್ಲದ ದುಡ್ಡು" ಅಂದರು.

ಅವರು ಬಿಡಿಸಿ ಹೇಳಿದ್ದು ಹೀಗೆ. ಬ್ಯಾಟರಿಯೊಳಗೆ ಸೀಸದ ತಟ್ಟೆಗಳು, ಅವುಗಳ ಸುತ್ತ ನೀರು ಬೆರೆಸಿದ ಗಂಧಕಾಮ್ಲ. ಕರೆಂಟ್ ಖರ್ಚಾಗುತ್ತಾ ಹೋದಂತೆ ಆಸಿಡ್ಡಿನ ಸತ್ವ ತಟ್ಟೆಗಳಿಗೆ ಸೇರಿ ಹೊರಗಿನದು ತೆಳ್ಳಗಾಗುತ್ತದೆ. ಚಾರ್ಜ್ ಮಾಡಿದಾಗ ಅದು ತಟ್ಟೆಯಿಂದ ಮತ್ತೆ ಹೊರಗೆ ಬರುತ್ತದೆ. ಆದರೆ ಬಂದದ್ದು ತಕ್ಷಣ ಎಲ್ಲ ಕಡೆ ಬೆರೆಯುವುದಿಲ್ಲ, ತಟ್ಟೆಯ ಮೈಮೇಲೆ, ಅದರ ಸಣ್ಣ ರಂಧ್ರಗಳಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಮೀಟರ್ ತೋರಿಸುವ ವೋಲ್ಟೇಜು ತಟ್ಟೆಗೆ ತಾಗಿಕೊಂಡ ಆಸಿಡ್ ಎಷ್ಟು ಗಟ್ಟಿ ಇದೆ ಅನ್ನುವುದರ ಮೇಲೆ ನಿಂತಿದೆ. "ಪಾನಕಕ್ಕೆ ಬೆಲ್ಲ ಹಾಕಿ, ಕಲಸದೆ, ಬೆಲ್ಲದ ಪಕ್ಕದಿಂದಲೇ ಒಂದು ಚಮಚ ತೆಗೆದು ರುಚಿ ನೋಡಿದ ಹಾಗೆ" ಅಂದರು ಅಣ್ಣ. ಇದಕ್ಕೆ ಸರ್ಫೇಸ್ ಚಾರ್ಜ್ ಅಂತ ಹೆಸರಂತೆ. ನಮ್ಮ ಭಾಷೆಯಲ್ಲಿ ಹೇಳಿದರೆ ಬ್ಯಾಂಕಿಗೆ ಹಾಕಿದ ಚೆಕ್ಕು ಇನ್ನೂ ಕ್ಲಿಯರ್ ಆಗಿಲ್ಲ, ನಾವಾಗಲೇ ಪಾಸ್‌ಬುಕ್ಕಿನ ಮೊತ್ತ ನಂಬಿ ಖರ್ಚಿಗೆ ಇಳಿದಿದ್ದೆವು.

ಹಾಗೆ ನೋಡಿದರೆ 12.9 ಅನ್ನುವ ಅಂಕಿಯೇ ನಮಗೆ ಸುಳಿವು ಕೊಡಬೇಕಿತ್ತು. ನಮ್ಮ ಕಾರಿನಲ್ಲಿರುವಂಥ ಸಾಧಾರಣ ಬ್ಯಾಟರಿ ಸುಮ್ಮನೆ ನಿಂತಾಗ 12.7ರ ಆಚೆ ತೋರಿಸಿದರೆ, ಇನ್ನೂ ತಣಿದಿಲ್ಲ ಅಂತ ಅರ್ಥ.

ಆಮೇಲೆ ಕೂತು ಲೆಕ್ಕ ಹಾಕಿದೆವು. ಕಾರು ನಿಂತಿದ್ದರೂ ಅಲಾರಂ, ಗಡಿಯಾರ ಅಂತ ಸಣ್ಣಗೆ ಕರೆಂಟ್ ಹೀರುತ್ತಲೇ ಇರುತ್ತದೆ. ಅಣ್ಣ ಅಳೆದಾಗ ನಮ್ಮದು 30 ಮಿಲಿ ಆಂಪಿಯರ್ ಇತ್ತು. ನಲವತ್ತು ದಿನ ಅಂದರೆ 960 ಗಂಟೆ, ಸುಮಾರು 29 ಆಂಪಿಯರ್-ಅವರ್ ಅಲ್ಲಿಗೆ ಹೋಯಿತು. ಬ್ಯಾಟರಿ ಮೇಲೆ ಬರೆದಿರುವುದೇ 60. ಅದರ ಮೇಲೆ ಈ ಬೇಸಿಗೆಯ ಬಿಸಿಗೆ ಬ್ಯಾಟರಿ ತನ್ನಷ್ಟಕ್ಕೆ ತಾನೇ ಖಾಲಿಯಾಗುವುದೂ ಜೋರಾಗುತ್ತದೆ. ಎರಡು ಬೇಸಿಗೆ ಕಂಡ ಮಾಲು, ಪೂರ್ತಿ 60 ಹಿಡಿಯುತ್ತಲೂ ಇರಲಿಲ್ಲ. ಇನ್ನು ಜಮೆಯ ಕಡೆ ನೋಡಿ. ಇಪ್ಪತ್ತೈದು ನಿಮಿಷದಲ್ಲಿ ಬ್ಯಾಟರಿಗೆ ಸರಾಸರಿ 20 ಆಂಪಿಯರ್ ಹೋಗಿದೆ ಅಂತ ಧಾರಾಳವಾಗಿ ಹಿಡಿದರೂ ಸೇರಿದ್ದು ಎಂಟು ಚಿಲ್ಲರೆ ಅಷ್ಟೇ. ಅದರಲ್ಲಿ ಫುಲ್ ಆಗುವುದೆಲ್ಲಿಂದ ಬಂತು!

ಅಣ್ಣನ ಪ್ರಕಾರ ಸರಿಯಾದ ಕ್ರಮ ಏನೆಂದರೆ, ಚಾರ್ಜ್ ಆದ ಮೇಲೆ, ಇಲ್ಲಾ ಗಾಡಿ ಓಡಿಸಿದ ಮೇಲೆ, ಬ್ಯಾಟರಿಯನ್ನು ಒಂದು ರಾತ್ರಿ ಸುಮ್ಮನೆ ಬಿಡಬೇಕು. ಬಾನೆಟ್ ತೆಗೆಯಲು ಬಾಗಿಲು ತೆರೆದರೆ ಒಳಗಿನ ದೀಪ ಹತ್ತುತ್ತದೆ, ಅದು ಆರುವವರೆಗೂ ಕಾಯಬೇಕು. ಆಮೇಲೆ ಮೀಟರನ್ನು ಡಿ.ಸಿ. 20ಕ್ಕೆ ತಿರುಗಿಸಿ ಕೆಂಪು ವೈರು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. 12.6 ದಾಟಿದ್ದರೆ ಫುಲ್ ಅನ್ನಬಹುದು. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12.0 ಅಂದರೆ ಕಾಲು ಭಾಗ. 11.9ಕ್ಕೆ ಇಳಿದರೆ ಖಾಲಿ ಅಂತಲೇ ತಿಳಿಯಿರಿ. ಎಷ್ಟು ಇಕ್ಕಟ್ಟಿನ ಲೆಕ್ಕ ನೋಡಿ, ತುಂಬಿದ್ದಕ್ಕೂ ಬರಿದಾದದ್ದಕ್ಕೂ ನಡುವೆ ಮುಕ್ಕಾಲು ವೋಲ್ಟಿನಷ್ಟೇ ಅಂತರ. ಹಾಗಾಗಿಯೇ ಪಾಯಿಂಟ್ ಎರಡು ಮೂರು ಸುಳ್ಳು ಸೇರಿದರೂ ಕಾಲು ಬ್ಯಾಟರಿಯೋ ಅದಕ್ಕೂ ಹೆಚ್ಚೋ ಆಚೀಚೆ ಆಗಿಬಿಡುತ್ತದೆ. ಇವೆಲ್ಲ ಅಂದಾಜಿನ ಅಂಕಿಗಳು. ಎ.ಜಿ.ಎಂ. ಅಂತ ಬರೆದಿರುವ ಬ್ಯಾಟರಿಯಾದರೆ ಫುಲ್ ಅನ್ನುವುದು 12.8ರ ಹತ್ತಿರ ಇರುತ್ತದೆ.

ಒಂದು ರಾತ್ರಿ ಕಾಯಲು ಆಗದಿದ್ದರೆ ಹೆಡ್‌ಲೈಟ್ ಎರಡು ಮೂರು ನಿಮಿಷ ಹಾಕಿ ಆರಿಸಿ, ಹತ್ತು ನಿಮಿಷ ಬಿಟ್ಟು ನೋಡಿ ಅಂದರು. ಮೇಲ್ಮೈಯ ಸುಳ್ಳು ಚಾರ್ಜ್ ಬಹುಪಾಲು ಇಳಿದಿರುತ್ತದೆ. ಆದರೆ ಲೈಟ್ ಆರಿಸಿದ ಕೂಡಲೇ ಅಳೆಯಬಾರದು. ಆಗ ತಟ್ಟೆಯ ಹತ್ತಿರದ ಆಸಿಡ್ ಖರ್ಚಾಗಿ ತೆಳ್ಳಗಿರುವುದರಿಂದ ಇರುವುದಕ್ಕಿಂತ ಕಮ್ಮಿ ತೋರಿಸುತ್ತದೆ.

ಆ ವಾರ ಬ್ಯಾಟರಿ ಅಂಗಡಿಯೊಂದರಲ್ಲಿ ಮೀಟರ್ ಇಟ್ಟ ಕೂಡಲೇ "ಖತಮ್, ಹೊಸದು ಹಾಕಿ" ಅಂದಿದ್ದರು. ನಾಲ್ಕು ಜನರ ಜೇಬಿನಿಂದ ಹೋಗುವ ದುಡ್ಡು, ಸುಮ್ಮನೆ ಹೂಂ ಅನ್ನಲಾಗುತ್ತದೆಯೇ? ಅಣ್ಣನ ಚಾರ್ಜರಿಗೆ ಬಾಲ್ಕನಿಯಲ್ಲಿ ಹಾಕಿದೆವು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುವುದರಿಂದ ಗಾಳಿಯಾಡುವ ಜಾಗ ಬೇಕು, ಹತ್ತಿರ ಸಿಗರೇಟು ಕೂಡದು. ಹದಿನಾಲ್ಕು ಗಂಟೆ ಆದ ಮೇಲೆ ಬೆಳಿಗ್ಗೆ ಎಂಟಕ್ಕೆ ತೆಗೆದಾಗ 13.2 ಇತ್ತು. ಈ ಸಲ ಯಾರೂ ಕುಣಿಯಲಿಲ್ಲ. ರಾತ್ರಿ ಎಂಟಕ್ಕೆ 12.55, ಮರುದಿನ ಬೆಳಿಗ್ಗೆ 12.54. ಹೆಚ್ಚೂ ಕಮ್ಮಿ ತೊಂಬತ್ತು ಪರ್ಸೆಂಟ್, ಅದೂ ನಿಂತಲ್ಲೇ ನಿಂತಿದೆ. ಒಳಗೆ ಒಂದು ಸೆಲ್ ಹಾಳಾಗಿದ್ದರೆ ಹೀಗೆ ನಿಲ್ಲದೆ ಇಳಿಯುತ್ತಲೇ ಹೋಗುತ್ತಿತ್ತು.

ಅಣ್ಣ ಅಷ್ಟಕ್ಕೇ ಬಿಡಲಿಲ್ಲ. ನಿಂತಾಗಿನ ವೋಲ್ಟೇಜು ಚಾರ್ಜ್ ಎಷ್ಟು ಅಂತ ಹೇಳುತ್ತದೆ, ಬ್ಯಾಟರಿಯ ತಾಕತ್ತನ್ನು ಹೇಳುವುದಿಲ್ಲ. ಹಳೇ ಬ್ಯಾಟರಿ 12.6 ತೋರಿಸಿಯೂ ಕೈಕೊಡಬಹುದು ಅಂದರು. ಕಾರಿಗೆ ಕೂರಿಸಿ, ಒಬ್ಬರು ಮೀಟರ್ ಹಿಡಿದು ಇನ್ನೊಬ್ಬರು ಸ್ಟಾರ್ಟ್ ಮಾಡಿದೆವು. ಸೆಲ್ಫ್ ತಿರುಗುವಾಗ 10.3ಕ್ಕೆ ಇಳಿದು ಮೇಲೆದ್ದಿತು. 9.6ಕ್ಕಿಂತ ಕೆಳಗೆ ಹೋಗಿದ್ದರೆ ಯೋಚನೆ ಮಾಡಬೇಕಿತ್ತಂತೆ. ಹೊಸದು ತಗೊಳ್ಳಲಿಲ್ಲ, ಈಗಲೂ ಅದೇ ಓಡುತ್ತಿದೆ. ರಜೆಗೆ ಹೋಗುವಾಗ ಮೈನಸ್ ವೈರು ಬಿಚ್ಚಿಟ್ಟು ಹೋಗುತ್ತೇವೆ.

ಹೋದ ತಿಂಗಳು ಪುತ್ತೂರಿನಿಂದ ತಮ್ಮ ಫೋನ್ ಮಾಡಿದ್ದ. ಮನೆಯ ಇನ್ವರ್ಟರ್ ಹತ್ತೇ ನಿಮಿಷ ಬರುತ್ತಿದೆ, ಬ್ಯಾಟರಿ ಮಾತ್ರ 13.6 ತೋರಿಸುತ್ತಿದೆ ಅಣ್ಣ, ಇನ್ವರ್ಟರೇ ಹಾಳಾಗಿರಬೇಕು ಅಂದ. ಅಳೆದದ್ದು ಯಾವಾಗ ಅಂತ ಕೇಳಿದೆವು. ಕರೆಂಟ್ ಬಂದ ಮೇಲೆ, ಚಾರ್ಜ್ ಆಗುತ್ತಿರುವಾಗ ಅಂದ. ಆಫ್ ಮಾಡಿ, ವೈರು ಬಿಚ್ಚಿ, ನಾಳೆ ಬೆಳಿಗ್ಗೆ ಅಳೆದು ಹೇಳು ಅಂದೆವು. ಬೆಳಿಗ್ಗೆ ವಾಟ್ಸಾಪಿನಲ್ಲಿ ಮೀಟರಿನ ಫೋಟೋ ಬಂತು: 11.8.