ಮೂರು ಅಂಕಿಗಳಿಂದ ಒಂದು ಅಂತರ

ಮಾದರಿಯ ಗಾತ್ರ, ಸರಾಸರಿ, ಮಾನಕ ವಿಚಲನೆ. ಈ ಮೂರು ಅಂಕಿಗಳು ಓದಲು ಬಂದರೆ ಸಾಕು, ಹಳೆಯ ಪುಟವೊಂದರ ಫೋಟೋದಿಂದಲೇ ಸರಾಸರಿಯ ವಿಶ್ವಾಸಾಂತರವನ್ನು ಲೆಕ್ಕ ಹಾಕಬಹುದು. ಬಿಡುವಿನ ಹೊತ್ತಿಗೆ ಇದಕ್ಕಿಂತ ಅಗ್ಗದ ಸುಖ ನನಗೆ ತಿಳಿಯದು. ಇದಕ್ಕೆ ಒಳ್ಳೆಯ ಪುಟ ಸಿಗುವುದು 1908ರ ಪ್ರಬಂಧವೊಂದರಲ್ಲಿ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಬರೆದದ್ದು ಅದು. ಹತ್ತು ರೋಗಿಗಳಿಗೆ ಎರಡು ನಿದ್ದೆ ಔಷಧ ಕೊಟ್ಟ ಲೆಕ್ಕ ಅಲ್ಲಿದೆ. ಎರಡನೆಯದು ಮೊದಲನೆಯದಕ್ಕಿಂತ ಸರಾಸರಿ 1.58 ಗಂಟೆ ಹೆಚ್ಚು ನಿದ್ದೆ ತಂದಿತ್ತು. ಆ ವ್ಯತ್ಯಾಸಗಳ ಮಾನಕ ವಿಚಲನೆ 1.17.

ಫೋಟೋದಲ್ಲಿ ಅಂಕಿ ಕಾಣುತ್ತದೆ, ಅದು ಹೇಗೆ ಬಂತೆಂಬುದು ಕಾಣುವುದಿಲ್ಲ. ಇಂದಿನವರು ವರ್ಗಗಳ ಮೊತ್ತವನ್ನು 9ರಿಂದ ಭಾಗಿಸುತ್ತಾರೆ, ಗಾಸೆಟ್ 10ರಿಂದ ಭಾಗಿಸಿದ್ದ. ಹಾಗಾಗಿ 1.17ನ್ನು √10ರಿಂದಲ್ಲ, √9ರಿಂದ, ಅಂದರೆ 3ರಿಂದ ಭಾಗಿಸಬೇಕು: 0.39. ಟಿ ಕೋಷ್ಟಕದಲ್ಲಿ 9ರ ಸಾಲಿನ 2.262ರಿಂದ ಗುಣಿಸಿದರೆ 0.88. ಸರಾಸರಿಯ ಆಚೀಚೆ ಅಷ್ಟು ಇಟ್ಟರೆ 0.70ರಿಂದ 2.46 ಗಂಟೆಯವರೆಗಿನ ಶೇ. 95ರ ಅಂತರ ಸಿಗುತ್ತದೆ. ಆ 1.17ನ್ನೇ ಸರಾಸರಿಯ ಮಾನಕ ದೋಷವೆಂದು ಓದಿಕೊಂಡರೆ ಅಂತರ -1.07ರಿಂದ 4.23ಕ್ಕೆ ಹಿಗ್ಗಿ, ಸೊನ್ನೆಯನ್ನೂ ನುಂಗಿ, ಔಷಧಗಳಲ್ಲಿ ಭೇದವೇ ಇಲ್ಲವೇನೋ ಎನಿಸುತ್ತದೆ. ಆ ಓದು ತಪ್ಪೆಂದು ತಿಳಿಯುವುದು ಸುಲಭ. ವ್ಯತ್ಯಾಸಗಳೆಲ್ಲ 0ಯಿಂದ 4.6ರೊಳಗೆ ಇವೆ, ಮಾನಕ ದೋಷವೇ 1.17 ಆಗಬೇಕಾದರೆ ಮಾನಕ ವಿಚಲನೆ 3.7 ಆಗಬೇಕು, ಅಷ್ಟು ಹರಡುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ಇನ್ನು ಈ ಅಂತರ ಹೇಳುವುದೇನು? ನೂರರಲ್ಲಿ ತೊಂಬತ್ತೈದು ರೋಗಿಗಳ ವ್ಯತ್ಯಾಸ ಇದರೊಳಗೆ ಬೀಳುತ್ತದೆ ಎಂದಲ್ಲ. ಈ ಹತ್ತರಲ್ಲೇ ಎಂಟು ಮಾತ್ರ ಒಳಗಿವೆ. 0 ಮತ್ತು 4.6 ಹೊರಗಿವೆ. ನಿಜವಾದ ಸರಾಸರಿ ಇದರೊಳಗೆ ಇರುವ ಸಂಭವ ಶೇ. 95 ಎಂದೂ ಅಲ್ಲ. ಆ ಸರಾಸರಿ ಎಲ್ಲೋ ನಿಂತಾಗಿದೆ, ಅಂತರವೂ ಕಟ್ಟಿಯಾಗಿದೆ. ಒಂದೋ ಒಳಗಿದೆ, ಇಲ್ಲವೇ ಹೊರಗಿದೆ. ಶೇ. 95 ಎಂಬುದು ವಿಧಾನದ ಗುಣ: ಇಂಥದೇ ಮಾದರಿಗಳನ್ನು ಮತ್ತೆ ಮತ್ತೆ ತೆಗೆದು ಪ್ರತಿಸಲವೂ ಹೀಗೇ ಅಂತರ ಕಟ್ಟುತ್ತ ಹೋದರೆ, ನೂರಕ್ಕೆ ತೊಂಬತ್ತೈದರಷ್ಟು ಅಂತರಗಳು ನಿಜವಾದ ಸರಾಸರಿಯನ್ನು ಒಳಗೊಳ್ಳುತ್ತವೆ. ಹಾಗಾದರೆ ಕೈಯಲ್ಲಿರುವ ಈ ಒಂದರ ಬಗ್ಗೆ ಏನನ್ನೂ ಹೇಳಿದಂತಾಗಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ್ದೇ. ಆದರೂ ಸೊನ್ನೆಯಾಗಲಿ ಮೂರು ಗಂಟೆಯಾಗಲಿ ಈ ಅಂಕಿಗಳಿಗೆ ಹೊಂದುವುದಿಲ್ಲ, ಒಂದೂವರೆ ಹೊಂದುತ್ತದೆ ಎಂದಷ್ಟು ತಿಳಿಯಿತು; ಬರಿಯ 1.58 ಅಷ್ಟನ್ನೂ ಹೇಳುತ್ತಿರಲಿಲ್ಲ. ಅದೂ ಮಾದರಿ ಪಕ್ಷಪಾತವಿಲ್ಲದ್ದಾಗಿ, ವ್ಯತ್ಯಾಸಗಳು ಸುಮಾರಾಗಿ ಗಂಟೆಯಾಕಾರದಲ್ಲಿ ಹರಡಿದ್ದರೆ ಮಾತ್ರ. ಹತ್ತರಲ್ಲಿ ಒಂಟಿಯಾಗಿ ನಿಂತ 4.6 ಈ ಎರಡನೆಯ ಷರತ್ತನ್ನು ಸ್ವಲ್ಪ ಅಲುಗಾಡಿಸುತ್ತದೆ. ಇಷ್ಟೆಲ್ಲ ಸರಿಯಿದ್ದರೂ ಅಂತರ ಅಳೆಯುವುದು ಆಯ್ಕೆಯ ಏರುಪೇರನ್ನು ಮಾತ್ರ. ಗಾಸೆಟ್ ಆ ಪುಟದಲ್ಲಿ ಔಷಧಗಳ ಹೆಸರುಗಳನ್ನೇ ತಪ್ಪಾಗಿ ಬರೆದಿದ್ದ, ಅದರಿಂದ 0.70 ಆಗಲಿ 2.46 ಆಗಲಿ ಕೂದಲೆಳೆಯಷ್ಟೂ ಬದಲಾಗಿಲ್ಲ.